ವಾಂತಿ-ಭೇದಿಯ ದಿನ ಸಕ್ಕರೆ ಕಾಯಿಲೆಯ ಮದ್ದು: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು

ವಲೀಮಾದ ಊಟ ಮುಗಿಸಿ ಬಂದ ರಾತ್ರಿಯೇ ಮನೆಯಲ್ಲಿ ಇಬ್ಬರು ಮೂವರಿಗೆ ವಾಂತಿ-ಭೇದಿ ಶುರುವಾಗುವುದು ನಮ್ಮಲ್ಲಿ ಅಪರೂಪವೇನಲ್ಲ. ಬಿರಿಯಾನಿಯ ದೊಡ್ಡ ಪಾತ್ರೆ ಗಂಟೆಗಟ್ಟಲೆ ಅರೆಬಿಸಿಯಲ್ಲಿ ಕುಳಿತಿರುತ್ತದೆ, ಸಲಾಡನ್ನು ಯಾವ ನೀರಿನಲ್ಲಿ ತೊಳೆದರೋ ಯಾರಿಗೂ ಗೊತ್ತಿರುವುದಿಲ್ಲ. ಹುಡುಗರು ಎರಡು ದಿನದಲ್ಲಿ ಎದ್ದು ಓಡಾಡುತ್ತಾರೆ. ಆದರೆ ಅದೇ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿದ್ದರೆ ಬೆಳಿಗ್ಗೆ ಒಂದು ಪ್ರಶ್ನೆ ಏಳುತ್ತದೆ: "ಹೊಟ್ಟೆಗೆ ಏನೂ ಇಲ್ಲ, ಇವತ್ತು ಮದ್ದು ಕೊಡಬೇಕೋ ಬೇಡವೋ?"

ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಒಂದು, "ಡಾಕ್ಟರು ಬರೆದುಕೊಟ್ಟದ್ದು, ಬಿಡಬಾರದು". ಇನ್ನೊಂದು, "ಊಟವೇ ಇಲ್ಲದ ಮೇಲೆ ಇನ್ಸುಲಿನ್ ಯಾಕೆ". ಎರಡೂ ಅರ್ಧ ಸರಿ, ಅರ್ಧ ತಪ್ಪು. ಎರಡರ ತಪ್ಪು ಅರ್ಧಗಳು ಒಂದೇ ಮನೆಯಲ್ಲಿ ಒಟ್ಟುಗೂಡಿದರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ. ಇದು ಯಾವುದೇ ಒಬ್ಬರ ಕಥೆಯಲ್ಲ. ಆದರೆ ಇದರಲ್ಲಿರುವ ಪ್ರತಿಯೊಂದು ತಪ್ಪೂ ದಿನನಿತ್ಯ ನಡೆಯುವಂಥದ್ದು.

ಮೂರು ದಿನ

58 ವರ್ಷದ ಉಮ್ಮ. ಸಕ್ಕರೆ ಕಾಯಿಲೆ ಬಂದು 14 ವರ್ಷ. ಬೆಳಿಗ್ಗೆ ಮೂರು ಮಾತ್ರೆ. ಒಂದರಲ್ಲಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಎರಡೂ ಸೇರಿವೆ. ಎರಡನೆಯದು ಡಾಪಾಗ್ಲಿಫ್ಲೋಜಿನ್. ಮೂರನೆಯದು ರಕ್ತದೊತ್ತಡದ್ದು, ಟೆಲ್ಮಿಸಾರ್ಟನ್ ಜೊತೆಗೆ ಮೂತ್ರ ಹೆಚ್ಚಿಸುವ ಮದ್ದು ಬೆರೆಸಿದ್ದು. ರಾತ್ರಿ ಮಲಗುವಾಗ 16 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್.

ಭಾನುವಾರ ಮದುವೆ ಊಟ. ರಾತ್ರಿ ಎರಡು ಗಂಟೆಗೆ ವಾಂತಿ, ಬೆನ್ನಿಗೇ ಭೇದಿ. ಸೋಮವಾರ ಬೆಳಿಗ್ಗೆ ಉಮ್ಮ ಕಷ್ಟಪಟ್ಟು ಮೂರೂ ಮಾತ್ರೆ ನುಂಗಿದರು. ಮದ್ದು ತಪ್ಪಿಸುವವರಲ್ಲ ಅವರು. ರಾತ್ರಿ ಮಗಳು ಇನ್ಸುಲಿನ್ ಪೆನ್ ಹಿಡಿದು ಬಂದಾಗ, "ಒಂದು ತುತ್ತು ಒಳಗೆ ಹೋಗಿಲ್ಲ ಮಗಳೇ, ಇದನ್ನು ಹಾಕಿದರೆ ಶುಗರ್ ಇಳಿದು ಬೀಳುತ್ತೇನೆ" ಎಂದರು. ಮಗಳಿಗೂ ಅದು ಸರಿಯೆನಿಸಿತು. ಸೌದಿಯಲ್ಲಿರುವ ಮಗನೂ ಫೋನಿನಲ್ಲಿ ಅದನ್ನೇ ಹೇಳಿದ.

ಮಂಗಳವಾರ ಭೇದಿ ಬಹುತೇಕ ನಿಂತಿತು, ವಾಂತಿ ಮಾತ್ರ ನಿಲ್ಲಲಿಲ್ಲ. ಹೊಟ್ಟೆನೋವು ಶುರುವಾಯಿತು. ಬೆಳಗಿನ ಮಾತ್ರೆಗಳನ್ನು ಮತ್ತೆ ಕೊಟ್ಟರು. ಗ್ಲುಕೋಮೀಟರ್‌ನಲ್ಲಿ ಸಕ್ಕರೆ 198. "ಇಷ್ಟೇ ಅಲ್ಲವಾ, ಪರವಾಗಿಲ್ಲ" ಎಂದುಕೊಂಡರು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಆ ರಾತ್ರಿಯೂ ಇನ್ಸುಲಿನ್ ಇಲ್ಲ. ಬುಧವಾರ ಫಜ್ರ್‌ಗೆ ಎಬ್ಬಿಸಲು ಹೋದ ಮಗಳು ಕಂಡದ್ದು ಅರೆಪ್ರಜ್ಞೆಯ ಉಮ್ಮನನ್ನು. ಓಡಿ ಬಂದವರ ಹಾಗೆ ಆಳವಾಗಿ, ವೇಗವಾಗಿ ಉಸಿರಾಡುತ್ತಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ 224 ಮಾತ್ರ. ಆದರೆ ರಕ್ತದ ಕೀಟೋನ್ 5.2. ಕ್ರಿಯಾಟಿನಿನ್ 0.9ರಿಂದ 2.1ಕ್ಕೆ ಏರಿತ್ತು. ರಕ್ತ ಆಮ್ಲವಾಗಿ ತಿರುಗಿತ್ತು, ಮೂತ್ರಪಿಂಡ ಸೋತಿತ್ತು. ಐಸಿಯುನಲ್ಲಿ ಮೂರು ದಿನ ಇರಬೇಕಾಯಿತು.

ಇಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ. ನಿಲ್ಲಿಸಬೇಕಾದ ಮೂರು ಮಾತ್ರೆಗಳನ್ನು ಕೊಟ್ಟರು, ನಿಲ್ಲಿಸಬಾರದ ಒಂದನ್ನು ನಿಲ್ಲಿಸಿದರು, ಅಷ್ಟೇ.

ಊಟವಿಲ್ಲದಿದ್ದರೂ ಇನ್ಸುಲಿನ್ ಯಾಕೆ ಬೇಕು

ರಕ್ತದಲ್ಲಿರುವ ಸಕ್ಕರೆ ಊಟದಿಂದ ಮಾತ್ರ ಬರುವುದಿಲ್ಲ. ನಮ್ಮ ಯಕೃತ್ತು, ಅಂದರೆ ಲಿವರ್, ಹಗಲೂ ರಾತ್ರಿ ತನ್ನ ದಾಸ್ತಾನಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಜ್ವರ, ಸೋಂಕು, ವಾಂತಿ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳನ್ನು ಹೆಚ್ಚಿಸುತ್ತದೆ. ಅವು ಲಿವರ್‌ಗೆ ಇನ್ನಷ್ಟು ಸಕ್ಕರೆ ಬಿಡು ಎನ್ನುತ್ತವೆ, ಇನ್ಸುಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಹಾಗಾಗಿ ಏನೂ ತಿನ್ನದೆ ಮಲಗಿದವರ ಸಕ್ಕರೆ 250, 300 ಆಗುವುದುಂಟು.

ರಾತ್ರಿ ಒಮ್ಮೆ ಹಾಕುವ ಗ್ಲಾರ್ಜಿನ್, ಡೆಗ್ಲುಡೆಕ್‌ನಂಥ ದೀರ್ಘಾವಧಿ ಇನ್ಸುಲಿನ್ ಊಟದ ಸಕ್ಕರೆಗಾಗಿ ಇರುವುದಲ್ಲ. ಲಿವರ್ ಬಿಡುವ ಈ ಸಕ್ಕರೆಗೆ ಕಡಿವಾಣ ಹಾಕಲು ಇರುವುದು. ಅದರ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. ಕೊಬ್ಬು ಹದ್ದುಮೀರಿ ಕರಗದಂತೆ ತಡೆಯುವುದೂ ಅದೇ. ಇನ್ಸುಲಿನ್ ಸಾಲದೆ ಹೋದರೆ ದೇಹ ಸಕ್ಕರೆಯನ್ನು ಬಳಸಲಾಗದೆ ಕೊಬ್ಬನ್ನು ಉರಿಸತೊಡಗುತ್ತದೆ. ಆಗ ಹುಟ್ಟುವ ಆಮ್ಲಗಳೇ ಕೀಟೋನ್. ಅವು ಜಾಸ್ತಿಯಾದರೆ ಮತ್ತೆ ವಾಂತಿ, ಹೊಟ್ಟೆನೋವು, ಏದುಸಿರು. ಅಂದರೆ ಮೊದಲ ದಿನದ ವಾಂತಿ ಊಟದ್ದಾಗಿದ್ದು, ಮೂರನೇ ದಿನದ ವಾಂತಿ ಕೀಟೋನ್‌ದ್ದಾಗಿರಬಹುದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಭೇದಿ ನಿಂತ ಮೇಲೂ ವಾಂತಿ ನಿಲ್ಲದಿರುವುದು, ಹೊಟ್ಟೆನೋವು ಹೊಸದಾಗಿ ಸೇರುವುದು, ಇವೇ ಮನೆಯವರಿಗೆ ಸಿಗುವ ಸುಳಿವು.

ಆದ್ದರಿಂದ ದೀರ್ಘಾವಧಿ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಸಕ್ಕರೆ ಕಡಿಮೆಯಿದ್ದರೆ ವೈದ್ಯರು ಯೂನಿಟ್ ಇಳಿಸಿಯಾರು, ಸೊನ್ನೆ ಮಾಡುವುದಿಲ್ಲ. ಟೈಪ್-1 ಸಕ್ಕರೆ ಕಾಯಿಲೆಯ ಮಕ್ಕಳು, ಯುವಕರ ವಿಷಯದಲ್ಲಂತೂ ಇದಕ್ಕೆ ಅಪವಾದವೇ ಇಲ್ಲ. ಅವರ ದೇಹದಲ್ಲಿ ಸ್ವಂತ ಇನ್ಸುಲಿನ್ ಇಲ್ಲ, ಒಂದೇ ದಿನದಲ್ಲಿ ಪರಿಸ್ಥಿತಿ ಕೈಮೀರುತ್ತದೆ. ಊಟಕ್ಕೆ ಮುಂಚೆ ಹಾಕುವ ಬೇಗ ಕೆಲಸ ಮಾಡುವ ಇನ್ಸುಲಿನ್ ಬೇರೆ. ಅದು ಊಟದ ಲೆಕ್ಕದ್ದು. ಊಟವಿಲ್ಲದಾಗ ಎಂದಿನ ಅಳತೆ ಹಾಕುವಂತಿಲ್ಲ. ಆದರೆ ಸಕ್ಕರೆ ಏರಿದ್ದರೆ ಅದನ್ನು ಇಳಿಸಲು ಎಷ್ಟು ಯೂನಿಟ್ ಬೇಕೆಂದು ವೈದ್ಯರು ಹೇಳುತ್ತಾರೆ.

ಗೊಂದಲವಿರುವುದು 30/70 ಎಂದು ಕರೆಯುವ ಮಿಶ್ರ ಇನ್ಸುಲಿನ್ ಬಳಸುವವರಿಗೆ. ನಮ್ಮಲ್ಲಿ ಅವರ ಸಂಖ್ಯೆ ದೊಡ್ಡದು. ಅದರಲ್ಲಿ ಊಟದ ಪಾಲು, ದಿನದ ಪಾಲು ಎರಡೂ ಒಂದೇ ಸೀಸೆಯಲ್ಲಿವೆ. ಪೂರ್ತಿ ಹಾಕಿದರೆ ಊಟವಿಲ್ಲದೆ ಸಕ್ಕರೆ ಕುಸಿಯಬಹುದು, ಬಿಟ್ಟರೆ ದಿನದ ಪಾಲೂ ಹೋಯಿತು. ಇಲ್ಲಿ ಊಹೆ ಮಾಡಬಾರದು. ಸಕ್ಕರೆ ನೋಡಿ, ಸಂಖ್ಯೆ ಹೇಳಿ ವೈದ್ಯರನ್ನು ಕೇಳಬೇಕು. ಸಾಮಾನ್ಯವಾಗಿ ಯೂನಿಟ್ ಕಡಿಮೆ ಮಾಡಿ ಹಾಕಿಸುತ್ತಾರೆ. ಇದಕ್ಕಿಂತ ಒಳ್ಳೆಯದು, ಆರೋಗ್ಯವಾಗಿರುವಾಗಲೇ ಮುಂದಿನ ಭೇಟಿಯಲ್ಲಿ "ವಾಂತಿಯಾಗಿ ಊಟ ಮಾಡಲಾಗದಿದ್ದರೆ ಎಷ್ಟು ಯೂನಿಟ್ ಹಾಕಲಿ?" ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು. ರಾತ್ರಿ ಎರಡು ಗಂಟೆಗೆ ಯಾವ ವೈದ್ಯರೂ ಫೋನಿಗೆ ಸಿಗಲಿಕ್ಕಿಲ್ಲ.

ನಿಲ್ಲಿಸಬೇಕಾದ ಮಾತ್ರೆಗಳು

ಮೊದಲನೆಯದು ಗ್ಲಿಫ್ಲೋಜಿನ್ ಗುಂಪು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್, ರೆಮೋಗ್ಲಿಫ್ಲೋಜಿನ್, ಹೀಗೆ ಹೆಸರಿನ ಕೊನೆಯಲ್ಲಿ "ಗ್ಲಿಫ್ಲೋಜಿನ್" ಇರುವ ಮಾತ್ರೆಗಳು. ಬೆಲೆ ಇಳಿದ ಮೇಲೆ ಇವನ್ನು ಬಹಳ ಜನ ತೆಗೆದುಕೊಳ್ಳುತ್ತಿದ್ದಾರೆ. ಒಳ್ಳೆಯ ಮದ್ದುಗಳೇ. ಹೃದಯಕ್ಕೆ, ಮೂತ್ರಪಿಂಡಕ್ಕೆ ರಕ್ಷಣೆಯೂ ಹೌದು. ಇವು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಜೊತೆಗೆ ನೀರೂ ಹೋಗುತ್ತದೆ. ವಾಂತಿ-ಭೇದಿಯಲ್ಲಿ ನೀರು ಕಳೆದುಕೊಳ್ಳುತ್ತಿರುವವರಿಗೆ ಅದೇ ಒಂದು ಹೊರೆ. ಅದಕ್ಕಿಂತ ದೊಡ್ಡ ಅಪಾಯ ಕೀಟೋನ್. ಊಟವಿಲ್ಲ, ಇರುವ ಸಕ್ಕರೆ ಮೂತ್ರದಲ್ಲಿ ಸೋರಿ ಹೋಗುತ್ತಿದೆ, ಇನ್ಸುಲಿನ್ ಕಡಿಮೆ. ದೇಹ ಕೊಬ್ಬಿಗೆ ಕೈಹಾಕುತ್ತದೆ.

ಮೋಸ ಇರುವುದು ಇಲ್ಲೇ. ಸಾಮಾನ್ಯವಾಗಿ ಕೀಟೋನ್ ಏರುವಾಗ ಸಕ್ಕರೆಯೂ 300, 400 ಆಗಿ ಎಚ್ಚರಿಸುತ್ತದೆ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚಿನ ಸಕ್ಕರೆ ಮೂತ್ರದಲ್ಲಿ ಹೋಗುವುದರಿಂದ ಮೀಟರ್‌ನಲ್ಲಿ 180, 200 ಎಂದೇ ಕಾಣಬಹುದು. ಆ ಉಮ್ಮನ 198 ಮನೆಯವರನ್ನು ಸುಮ್ಮನಿರಿಸಿದ್ದು ಹೀಗೆ. ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವವರು ವಾಂತಿ ಮಾಡುತ್ತಿದ್ದರೆ ಸಕ್ಕರೆಯ ಸಂಖ್ಯೆಯೊಂದನ್ನೇ ನಂಬುವಂತಿಲ್ಲ, ಕೀಟೋನ್ ನೋಡಲೇಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಅದರ ಪ್ರಭಾವ ಕೆಲವು ದಿನ ಉಳಿಯುತ್ತದೆ ಎಂಬುದೂ ನೆನಪಿರಲಿ.

ಎರಡನೆಯದು ಮೆಟ್‌ಫಾರ್ಮಿನ್. ಇದು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ನೀರು ಕಡಿಮೆಯಾಗಿ ಮೂತ್ರಪಿಂಡ ನಿಧಾನವಾದರೆ ಮೆಟ್‌ಫಾರ್ಮಿನ್ ದೇಹದಲ್ಲೇ ಶೇಖರವಾಗುತ್ತದೆ. ಲ್ಯಾಕ್ಟಿಕ್ ಆಮ್ಲ ಹೆಚ್ಚಾಗುವ ಅಪಾಯವಿದೆ. ಅದು ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. ಎರಡು ದಿನ ಬಿಟ್ಟರೆ ಆಗುವ ನಷ್ಟ ಅದರ ಮುಂದೆ ಏನೂ ಅಲ್ಲ.

ಮೂರನೆಯದು ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಗುಂಪು. ಇವು ಊಟವಿರಲಿ ಇಲ್ಲದಿರಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತವೆ. ಏನೂ ತಿನ್ನದೆ ನುಂಗಿದರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಮೂತ್ರಪಿಂಡ ಸೋತಿದ್ದರೆ ಒಮ್ಮೆ ಏರಿಸಿದ ಸಕ್ಕರೆ ಮತ್ತೆ ಮತ್ತೆ ಕುಸಿಯುತ್ತದೆ. ಊಟ ಮಾಡಲಾಗದ ದಿನ ಇದನ್ನು ಕೊಡಬಾರದು. ಅಲ್ಪಸ್ವಲ್ಪ ತಿನ್ನುತ್ತಿದ್ದು ಸಕ್ಕರೆ ಏರುತ್ತಿದ್ದರೆ ವೈದ್ಯರು ಕೊಡಲು ಹೇಳಬಹುದು, ಅದು ಅವರ ತೀರ್ಮಾನ.

ವಾರಕ್ಕೊಮ್ಮೆ ಅಥವಾ ದಿನಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಲಿರಾಗ್ಲುಟೈಡ್ ಮದ್ದುಗಳು ತಾವೇ ವಾಕರಿಕೆ ತರುವಂಥವು. ವಾಂತಿಯಿರುವಾಗ ಮುಂದಿನ ಚುಚ್ಚುಮದ್ದು ತಡೆಯಿರಿ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಮುಂತಾದ "ಗ್ಲಿಪ್ಟಿನ್" ಗುಂಪಿನಿಂದ ಇಂಥ ತೊಂದರೆ ಕಡಿಮೆ. ಆದರೆ ನಮ್ಮಲ್ಲಿ ಇವು ಹೆಚ್ಚಾಗಿ ಮೆಟ್‌ಫಾರ್ಮಿನ್ ಜೊತೆ ಒಂದೇ ಮಾತ್ರೆಯಲ್ಲಿ ಬರುತ್ತವೆ, ಆಗ ಆ ಮಾತ್ರೆಯನ್ನೇ ಬಿಡಬೇಕಾಗುತ್ತದೆ.

ರಕ್ತದೊತ್ತಡದ ಮಾತ್ರೆಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಹಾಗೂ ಮೂತ್ರ ಹೆಚ್ಚಿಸುವ ಮಾತ್ರೆಗಳು ಆರೋಗ್ಯವಾಗಿರುವಾಗ ಮೂತ್ರಪಿಂಡದ ಮಿತ್ರರು. ಮೈಯಲ್ಲಿ ನೀರು ಬತ್ತಿದಾಗ ಇವೇ ಮೂತ್ರಪಿಂಡಕ್ಕೆ ಹೋಗುವ ರಕ್ತದ ಒತ್ತಡವನ್ನು ಇನ್ನಷ್ಟು ಇಳಿಸುತ್ತವೆ. ಅದರ ಮೇಲೆ ಮೈಕೈ ನೋವಿಗೆಂದು ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗಿದರೆ ಕ್ರಿಯಾಟಿನಿನ್ ಎರಡು ದಿನದಲ್ಲಿ ಏರುತ್ತದೆ. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆದರೆ ಹೃದಯ ದುರ್ಬಲವಾಗಿ ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿ ನಿಲ್ಲಿಸಬಾರದು, ಅಂದೇ ವೈದ್ಯರನ್ನು ಕೇಳಬೇಕು.

ಅಂಗಡಿಯ ಹೆಸರು ನೋಡಿದರೆ ಇದೊಂದೂ ತಿಳಿಯುವುದಿಲ್ಲ. ಪಟ್ಟಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿ ಮದ್ದಿನ ನಿಜವಾದ ಹೆಸರಿರುತ್ತದೆ, ಒಂದು ಮಾತ್ರೆಯಲ್ಲಿ ಎರಡು ಮೂರು ಹೆಸರುಗಳೂ ಇರಬಹುದು. ಕಣ್ಣು ಚೆನ್ನಾಗಿರುವ ಮಕ್ಕಳಿಂದ ಓದಿಸಿ, ಯಾವುದು ಯಾವ ಗುಂಪೆಂದು ಮೆಡಿಕಲ್ ಸ್ಟೋರಿನವರಿಂದ ಖಚಿತಪಡಿಸಿಕೊಂಡು, ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ಓಆರ್‌ಎಸ್ ಕುಡಿದರೆ ಸಕ್ಕರೆ ಏರುವುದಿಲ್ಲವೇ?

ಸಕ್ಕರೆ ಕಾಯಿಲೆಯವರಿಗೆ ಓಆರ್‌ಎಸ್ ಕೊಡಲು ಹೆದರುವವರು ಬಹಳ. ಲೆಕ್ಕ ಹಾಕಿ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನ 20.5 ಗ್ರಾಂ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಕಲಸಿದರೆ ಅದರಲ್ಲಿರುವ ಗ್ಲೂಕೋಸ್ 13.5 ಗ್ರಾಂ. 200 ಮಿ.ಲೀ. ಲೋಟಕ್ಕೆ ಮೂರು ಗ್ರಾಂ ಕೂಡ ಇಲ್ಲ. ಒಂದು ಚಮಚ ಸಕ್ಕರೆಗಿಂತ ಕಡಿಮೆ. ಆ ಗ್ಲೂಕೋಸ್ ಇರುವುದೂ ರುಚಿಗಲ್ಲ, ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳಲು ಅದು ಬೇಕು. ಆದ್ದರಿಂದ ಧೈರ್ಯವಾಗಿ ಕೊಡಬಹುದು. ಆದರೆ ಪೊಟ್ಟಣದ ಮೇಲೆ ಆ ಸೂತ್ರದ ಹೆಸರಿದೆಯೇ ನೋಡಿಕೊಳ್ಳಿ. ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಡಬ್ಬಿಗಳು ಓಆರ್‌ಎಸ್ ಅಲ್ಲ. ಪೊಟ್ಟಣದಲ್ಲಿ ಎಷ್ಟು ನೀರಿಗೆಂದು ಬರೆದಿದೆಯೋ ಅಷ್ಟಕ್ಕೇ ಕಲಸಬೇಕು. ಅರ್ಧ ಪೊಟ್ಟಣ, ಅಂದಾಜು ನೀರು ಸಲ್ಲದು.

ವಾಂತಿಯಾದ ತಕ್ಷಣ ಲೋಟದಷ್ಟು ಕುಡಿಸಿದರೆ ಅದೂ ಹೊರಗೆ ಬರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಶುರುಮಾಡಿ. ನಿಂತರೆ ಗುಟುಕು, ಆಮೇಲೆ ಗಂಟೆಗೆ ಅರ್ಧ ಲೋಟದಿಂದ ಒಂದು ಲೋಟ. ಗಟ್ಟಿ ಆಹಾರ ಬೇಡವೆನಿಸಿದರೆ ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಸಾಕು. ಮೀಟರ್‌ನಲ್ಲಿ ಸಕ್ಕರೆ 100ರ ಹತ್ತಿರ ಇಳಿಯುತ್ತಿದ್ದರೆ ಸಿಹಿ ಹಾಕಿದ ಚಹಾವನ್ನೇ ಕೊಡಿ. ಆ ದಿನ ಸಿಹಿಯ ಪಥ್ಯವಿಲ್ಲ. ಸಕ್ಕರೆ 70ಕ್ಕಿಂತ ಕಡಿಮೆಯಾದರೆ 15 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯಿಂದ ನೀರಿನ ಮಿತಿ ಹೇಳಿರುವವರು ಎಷ್ಟು ಕುಡಿಯಬೇಕೆಂದು ವೈದ್ಯರಿಂದಲೇ ಕೇಳಬೇಕು. ಮೂತ್ರಪಿಂಡ ಸೋತವರಿಗೆ ಎಳನೀರಿನ ಪೊಟ್ಯಾಸಿಯಂ ಒಳ್ಳೆಯದಲ್ಲ.

ಅದೇ ಸೋಮವಾರ, ಇನ್ನೊಂದು ರೀತಿ

ಈಗ ಅದೇ ಉಮ್ಮನ ಸೋಮವಾರವನ್ನು ಮತ್ತೊಮ್ಮೆ ನೋಡೋಣ. ಬೆಳಿಗ್ಗೆ ಆರಕ್ಕೆ ಮಗಳು ಮೊದಲು ಉಮ್ಮನ ಕೈ ಸೋಪಿನಿಂದ ತೊಳೆದು ಒರೆಸಿ ಸಕ್ಕರೆ ನೋಡಿದಳು. ಬೆರಳಿಗೆ ಓಆರ್‌ಎಸ್ ಅಂಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. 204. ಫ್ರಿಜ್ಜಿನ ಹಾಳೆ ನೋಡಿ ಮೂರೂ ಮಾತ್ರೆಗಳನ್ನು ಪಕ್ಕಕ್ಕಿಟ್ಟಳು. ಎಂಟು ಗಂಟೆಗೆ ವೈದ್ಯರಿಗೆ ಫೋನ್ ಮಾಡಿ ಸಕ್ಕರೆ ಎಷ್ಟು, ಎಷ್ಟು ಸಲ ವಾಂತಿ, ಮೂತ್ರ ಹೋಗಿದೆಯೇ, ಯಾವ ಮಾತ್ರೆ ಕೊಟ್ಟಿಲ್ಲ ಎಂದು ಹೇಳಿದಳು. ಅವರು ವಾಂತಿ ನಿಲ್ಲುವ ಮಾತ್ರೆ ಹೇಳಿ, ನಾಲ್ಕು ಗಂಟೆಗೊಮ್ಮೆ ಸಕ್ಕರೆ ನೋಡಿ, ಮೂತ್ರದ ಕೀಟೋನ್ ಪಟ್ಟಿ ತರಿಸಿ ಎಂದರು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಕಡ್ಡಿ ಅದು. ಮೂತ್ರದಲ್ಲಿ ಅದ್ದಿ ಡಬ್ಬಿಯಲ್ಲಿ ಹೇಳಿದಷ್ಟು ಸೆಕೆಂಡು ಬಿಟ್ಟು ಡಬ್ಬಿಯ ಬಣ್ಣಕ್ಕೆ ಹೋಲಿಸಬೇಕು. (ಅದೇ ಕಡ್ಡಿಯಲ್ಲಿ ಸಕ್ಕರೆಯ ಚೌಕವೂ ಇದ್ದರೆ ಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಅದು ಯಾವಾಗಲೂ ಬಣ್ಣ ತೋರಿಸುತ್ತದೆ, ಗಾಬರಿ ಬೇಡ. ನೋಡಬೇಕಾದದ್ದು ಕೀಟೋನ್ ಚೌಕ.)

ಹತ್ತಕ್ಕೆ ಸಕ್ಕರೆ 188, ಎರಡಕ್ಕೆ 172. ಕೀಟೋನ್ ಚೌಕದಲ್ಲಿ ಬಣ್ಣ ತೀರಾ ತೆಳು. ಮಧ್ಯಾಹ್ನದ ನಂತರ ವಾಂತಿ ನಿಂತಿತು, ಗಂಜಿ ಇಳಿಯಿತು. ಮೂತ್ರ ಎರಡು ಸಲ ಹೋಯಿತು. ಆರಕ್ಕೆ 196. ರಾತ್ರಿ ಒಂಬತ್ತಕ್ಕೆ 182. ವೈದ್ಯರು 16 ಯೂನಿಟ್ ಪೂರ್ತಿ ಹಾಕಿ ಎಂದರು. ಸಕ್ಕರೆ 110ರ ಆಸುಪಾಸಿನಲ್ಲಿದ್ದಿದ್ದರೆ 13ಕ್ಕೆ ಇಳಿಸುತ್ತಿದ್ದರು. ಉಮ್ಮ ಹೆದರುತ್ತಲೇ ಹಾಕಿಸಿಕೊಂಡರು. ಮಗಳು ನಡುರಾತ್ರಿ ಎರಡಕ್ಕೆ ಎದ್ದು ನೋಡಿದಾಗ 148. ಮಂಗಳವಾರ ಎರಡು ಇಡ್ಲಿ, ಗಂಜಿ, ಸಂಜೆ ಸ್ವಲ್ಪ ಅನ್ನ. ಬುಧವಾರ ಎಂದಿನ ಊಟ. ಗುರುವಾರ ಬೆಳಿಗ್ಗೆ ಮೆಟ್‌ಫಾರ್ಮಿನ್-ಗ್ಲಿಮಿಪಿರೈಡ್ ಮತ್ತು ರಕ್ತದೊತ್ತಡದ ಮಾತ್ರೆ ಮತ್ತೆ ಶುರು.

ಯಾವಾಗ ಮನೆಯಲ್ಲಿ ಕಾಯಬಾರದು

ಕುಡಿದದ್ದೆಲ್ಲ ವಾಂತಿಯಾಗಿ ನಾಲ್ಕರಿಂದ ಆರು ಗಂಟೆ ಕಾಲ ಏನೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಬೇಕು. ಆರೆಂಟು ಗಂಟೆ ಮೂತ್ರವೇ ಹೋಗದಿದ್ದರೂ ಹಾಗೆಯೇ. ಸಕ್ಕರೆ 300ಕ್ಕಿಂತ ಮೇಲೆ ಎರಡು ಸಲ ಬಂದರೆ, ಕೊಟ್ಟ ಗ್ಲೂಕೋಸ್‌ಗೂ 70ರ ಮೇಲೆ ಏರದಿದ್ದರೆ ಅಥವಾ ಏರಿ ಮತ್ತೆ ಕುಸಿದರೆ ಕಾಯಬಾರದು. ಮೂತ್ರದ ಕೀಟೋನ್ ಕಡ್ಡಿ ಎರಡು ಪ್ಲಸ್ ಅಥವಾ ಹೆಚ್ಚು ತೋರಿಸಿದರೆ, ರಕ್ತದ ಕೀಟೋನ್ ನೋಡುವ ಮೀಟರ್ ಇದ್ದವರಿಗೆ 1.5 ದಾಟಿದರೆ, ಸಕ್ಕರೆ ಎಷ್ಟೇ ಇರಲಿ ಹೋಗಬೇಕು. 3 ದಾಟಿದರೆ ಅದು ತುರ್ತು. ಆಳವಾದ ಏದುಸಿರು, ಬಿಡದ ಹೊಟ್ಟೆನೋವು, ಮಂಪರು, ಗೊಂದಲದ ಮಾತು, ಮಲದಲ್ಲಿ ರಕ್ತ, ಇಳಿಯದ ಜ್ವರ, ಇವು ಕಂಡಾಗ ಮೀಟರ್ ನೋಡುತ್ತ ಕೂರುವ ಅಗತ್ಯವಿಲ್ಲ. 108ಕ್ಕೆ ಫೋನ್ ಮಾಡಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರಾಗಲಿ ಸಕ್ಕರೆಯಾಗಲಿ ಹಾಕಬೇಡಿ.

ಗರ್ಭಿಣಿಯರು, ಟೈಪ್-1 ಇರುವವರು, ಮೂತ್ರಪಿಂಡದ ಕಾಯಿಲೆಯವರು ಇಷ್ಟು ಕಾಯುವಂತಿಲ್ಲ, ವಾಂತಿ ಶುರುವಾದ ದಿನವೇ ವೈದ್ಯರಿಗೆ ತಿಳಿಸಬೇಕು. ಇನ್ನೊಂದು ಮಾತು. ಭೇದಿ ಇಲ್ಲದೆ ಬರೀ ವಾಂತಿ, ತಣ್ಣನೆಯ ಬೆವರು, ಸುಸ್ತು ಇದ್ದರೆ ಅದನ್ನು ಊಟದ ತಪ್ಪೆಂದು ಹೇಳಿ ಸುಮ್ಮನಾಗಬೇಡಿ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಹೀಗೂ ಬರುತ್ತದೆ. ಒಂದು ಇಸಿಜಿ ಮಾಡಿಸಿ.

ಆಸ್ಪತ್ರೆಗೆ ಹೋಗುವಾಗ ಮಾತ್ರೆಗಳ ಪಟ್ಟಿಗಳನ್ನೇ ಒಯ್ಯಿರಿ. "ಇವರು ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ, ಕೀಟೋನ್ ನೋಡುತ್ತೀರಾ?" ಎಂದು ಕೇಳಲು ಸಂಕೋಚ ಬೇಡ. ಜನ ತುಂಬಿದ ಕ್ಲಿನಿಕ್‌ನಲ್ಲಿ 198ರ ಸಕ್ಕರೆ ನೋಡಿ ಗ್ಯಾಸ್ಟ್ರಿಕ್ ಎಂದುಕೊಳ್ಳುವುದು ಸುಲಭ. ಕೀಟೋನ್, ಕ್ರಿಯಾಟಿನಿನ್, ಸೋಡಿಯಂ-ಪೊಟ್ಯಾಸಿಯಂ, ಈ ಮೂರು ಪರೀಕ್ಷೆಗಳಿಂದ ಹೆಚ್ಚಿನದು ತಿಳಿಯುತ್ತದೆ. ಕೀಟೋನ್ ಏರಿದ್ದರೆ ಇನ್ಸುಲಿನ್ ಜೊತೆಗೆ ಗ್ಲೂಕೋಸ್ ಡ್ರಿಪ್ ಕೂಡ ಹಾಕುತ್ತಾರೆ. "ಶುಗರ್ ಇರುವವರಿಗೆ ಗ್ಲೂಕೋಸ್ ಹಾಕುತ್ತಿದ್ದಾರೆ" ಎಂದು ಜಗಳ ತೆಗೆಯಬೇಡಿ, ಇನ್ಸುಲಿನ್ ಮುಂದುವರಿಸಿ ಕೀಟೋನ್ ಇಳಿಸಲು ಅದು ಬೇಕೇ ಬೇಕು.

ರಮಝಾನಿನಲ್ಲಿ ಇಂಥ ದಿನ ಬಂದರೆ ಉಪವಾಸ ಮುಗಿಯುವವರೆಗೆ ಕಾಯುವ ಪ್ರಶ್ನೆಯೇ ಇಲ್ಲ. ವಾಂತಿ-ಭೇದಿಯಲ್ಲಿ ನೀರೇ ಮದ್ದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, 300 ದಾಟಿದರೆ ಅಥವಾ ಮೈಗೆ ಹುಷಾರಿಲ್ಲದಾದರೆ ಉಪವಾಸ ತೊರೆಯಬೇಕೆಂದೇ ವೈದ್ಯಕೀಯ ಸಲಹೆ. ರೋಗಿಗಳು ಬೇರೆ ದಿನಗಳಲ್ಲಿ ಪೂರೈಸಲು ಕುರ್‌ಆನ್‌ನ ಎರಡನೇ ಅಧ್ಯಾಯದಲ್ಲೇ ಅನುಮತಿಯಿದೆ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಪವಾಸ ಮುರಿಯುವುದಿಲ್ಲವೆಂದು ವಿದ್ವಾಂಸರು ಹೇಳಿದ್ದಾರೆ. ಅದಕ್ಕೆ ಹೆದರಿ ಇಫ್ತಾರ್‌ವರೆಗೆ ಮೀಟರ್ ಮುಟ್ಟದೆ ಕೂರುವ ಹಿರಿಯರು ಇನ್ನೂ ಇದ್ದಾರೆ.

ಮತ್ತೆ ಶುರುಮಾಡುವುದು

ನಿಲ್ಲಿಸಿದ ಮಾತ್ರೆ ನಿಂತೇ ಹೋಗುವುದು ಇನ್ನೊಂದು ತೊಂದರೆ. ಒಂದು ತಿಂಗಳ ನಂತರ ಸಕ್ಕರೆ 350 ಎಂದು ಬರುವವರನ್ನು ಕೇಳಿದರೆ, "ವಾಂತಿಯಾದಾಗ ಬಿಟ್ಟದ್ದು, ಆಮೇಲೆ ನೆನಪಾಗಲಿಲ್ಲ" ಎನ್ನುತ್ತಾರೆ. ಎಂದಿನಂತೆ ಊಟ-ನೀರು ಶುರುವಾಗಿ 24ರಿಂದ 48 ಗಂಟೆ ಕಳೆದರೆ ಮೆಟ್‌ಫಾರ್ಮಿನ್, ರಕ್ತದೊತ್ತಡದ ಮಾತ್ರೆಗಳನ್ನು ಎಂದಿನ ಅಳತೆಯಲ್ಲೇ ಶುರುಮಾಡಬಹುದು. ಗ್ಲಿಮಿಪಿರೈಡ್ ಊಟ ಸರಿಯಾದ ಕೂಡಲೇ ಬೇಕಾಗುತ್ತದೆ. ಗ್ಲಿಫ್ಲೋಜಿನ್ ಮಾತ್ರೆಯನ್ನೂ ಊಟ ಪೂರ್ತಿ ಸರಿಹೋಗಿ ಕೀಟೋನ್ ಇಲ್ಲವೆಂದು ಖಚಿತವಾದ ಮೇಲೆ ತೆಗೆದುಕೊಳ್ಳಬಹುದು. ಆದರೆ ಕೀಟೋನ್ ಏರಿ ಆಸ್ಪತ್ರೆ ಸೇರಿದ್ದವರು ಅದನ್ನು ತಾವಾಗಿ ಮತ್ತೆ ಮುಟ್ಟಬಾರದು. ಕ್ರಿಯಾಟಿನಿನ್ ಏರಿದ್ದವರಿಗೆ ಮತ್ತೊಮ್ಮೆ ರಕ್ತ ಪರೀಕ್ಷೆ ಆದ ಮೇಲೆಯೇ ಮೆಟ್‌ಫಾರ್ಮಿನ್. ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ನಿಲ್ಲಿಸಿದ ದಿನಾಂಕವನ್ನು ಬರೆಯುವಾಗಲೇ ಅದರ ಪಕ್ಕದಲ್ಲಿ "ಮತ್ತೆ ಶುರು" ಎಂದು ಬರೆದು ಒಂದು ಖಾಲಿ ಜಾಗ ಬಿಡಿ.